ಜಳಕದ ಘಾಟಿನ ಮೇಲೆ 249 ಗ್ರಾಂ

ನಮ್ಮ ಪುಣೆಯ ಕನ್ನಡ ಬಳಗ ಕಳೆದ ವರ್ಷ ಪಂಢರಪುರದ ಮೇಲೆ ಆರು ನಿಮಿಷದ ಒಂದು ಚಿತ್ರ ಮಾಡಿತು. ವಿಷಯ ಒಳ್ಳೆಯದೇ. ವಿಠ್ಠಲನನ್ನು ಜ್ಞಾನೇಶ್ವರರೇ ಕನ್ನಡದವನೆಂದು ಹಾಡಿದ್ದಾರೆ, ನಮ್ಮ ದಾಸರ ಅಂಕಿತಗಳಲ್ಲಿ ಅರ್ಧಕ್ಕರ್ಧ ಅವನದೇ ಹೆಸರು, ವಿಜಯಪುರ-ಬೆಳಗಾವಿ ಕಡೆಯಿಂದ ಇಂದಿಗೂ ಜನ ತಿಂಗಳಿಗೊಮ್ಮೆ ಏಕಾದಶಿಗೆ ಹೋಗಿಬರುತ್ತಾರೆ. ಇಷ್ಟನ್ನು ಹೇಳುವ ಚಿತ್ರ. ಹಣ ಕೊಟ್ಟವರಲ್ಲಿ ನಾನೂ ಒಬ್ಬ. ವೇಳಾಪಟ್ಟಿ, ಖರ್ಚು, ಯಾರು ಎಲ್ಲಿಗೆ ಯಾವಾಗ ಎಂಬುದನ್ನೆಲ್ಲ ನೋಡಿಕೊಂಡವನೂ ನಾನೇ. ಆಫೀಸಿನಲ್ಲಿ ಮಾಡುವ ಕೆಲಸವನ್ನೇ ಭಾನುವಾರ ಬಿಟ್ಟಿ ಮಾಡಿದೆ, ಅಷ್ಟೇ. ಹಾಗಾಗಿ ಮುಂದೆ ನಾನು ಬೈಯುವುದರಲ್ಲಿ ನನ್ನ ಪಾಲೂ ಇದೆ ಎಂದು ಮೊದಲೇ ಬರೆದಿಟ್ಟುಬಿಡುತ್ತೇನೆ.

ಚಿತ್ರವನ್ನು ದೀಪಾವಳಿಯ ಸಂಜೆ ಸಭಾಂಗಣದಲ್ಲಿ ತೋರಿಸಿದೆವು. ಚಂದ್ರಭಾಗೆಯ ದೃಶ್ಯ ಬಂದಾಗ ಚಪ್ಪಾಳೆ ಬಿತ್ತು. ಭೀಮಾ ನದಿ ಅಲ್ಲಿ ಬಾಗಿ ಅರ್ಧಚಂದ್ರವಾಗುವುದು, ಪಾತ್ರದಲ್ಲಿ ಪುಂಡಲೀಕನ ಗುಡಿ, ಆಮೇಲೆ ಡ್ರೋನ್ ಮೆಲ್ಲಗೆ ಇಳಿಯುತ್ತ ಘಾಟಿನ ಮೆಟ್ಟಿಲುಗಳತ್ತ ಬರುವುದು. ಬಣ್ಣಬಣ್ಣದ ಸೀರೆಗಳು, ಒದ್ದೆ ಕೂದಲು, ಬೆಳಗಿನ ಬಿಸಿಲು. ನನ್ನ ಪಕ್ಕದಲ್ಲಿ ಅವ್ವ ಕೂತಿದ್ದಳು. ವಿಜಯಪುರದಿಂದ ಹಬ್ಬಕ್ಕೆಂದು ಬಂದಿದ್ದಳು. ಅವಳು ಚಪ್ಪಾಳೆ ತಟ್ಟಲಿಲ್ಲ. ನನ್ನ ಮೊಣಕೈ ಹಿಡಿದು, "ಅಕಿ ನಮ್ಮ ಓಣಿಯಾಕಿ ಅಲ್ಲೇನೋ?" ಅಂದಳು. ನಾನು ಗಮನ ಕೊಡಲಿಲ್ಲ. ಮನೆಗೆ ಬಂದಮೇಲೆ ಮತ್ತೆ ಹಾಕಿಸಿ ನೋಡಿದಳು. ಹೌದು, ಅವಳ ಜೊತೆ ಪ್ರತಿ ತಿಂಗಳು ಬಸ್ಸಿನಲ್ಲಿ ಹೋಗುವ ಗೆಳತಿ. ಒದ್ದೆ ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ, ಬೆನ್ನು ಉಜ್ಜಿಕೊಳ್ಳುತ್ತ, ಪರದೆಯ ಮೇಲೆ ಒಂಬತ್ತು ಸೆಕೆಂಡು. "ಅವತ್ತ ಮ್ಯಾಲ ಏನೋ ಗುಂಯ್ ಅಂತಿತ್ತು. ಜೇನು ಅಂದ್ಕೊಂಡಿದ್ವಿ. ನಿಮ್ಮದ ಏನಪಾ ಅದು?"

ನಮ್ಮದೇ.

ಮರುದಿನ ಬಳಗದ ವಾಟ್ಸಾಪ್ ಗುಂಪಿನಲ್ಲಿ ಈ ಮಾತೆತ್ತಿದೆ. ಬಂದ ಉತ್ತರಗಳು ಮೂರು ಬಗೆ. ಒಂದು, ನಮ್ಮ ಡ್ರೋನ್ 249 ಗ್ರಾಂನದು, ಅದಕ್ಕೆ ಅನುಮತಿಯೇ ಬೇಡ. ಎರಡು, ಘಾಟು ಸಾರ್ವಜನಿಕ ಜಾಗ, ಅಲ್ಲಿ ಖಾಸಗಿತನ ಎಲ್ಲಿಂದ ಬಂತು. ಮೂರು, ಅಷ್ಟು ಎತ್ತರದಿಂದ ಯಾರ ಮುಖ ಕಾಣುತ್ತೆ ಸಾರ್. ಓದಿದ ಜನ, ನನ್ನ ಹಾಗೆ ಎಂಟೆಕ್ ಮಾಡಿದವರೂ ಇದ್ದಾರೆ. ಮೂರೂ ತಪ್ಪು. ಮೂರನ್ನೂ ಒಂದೊಂದಾಗಿ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಮುಂಬೈಯಲ್ಲಿ, ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ ಕೂತು ಊರಿನ ಗುಡಿಯ ಚಿತ್ರ ತೆಗೆಯಲು ಹೊರಟ ನಿಮ್ಮ ಬಳಗದ ಗುಂಪಿನಲ್ಲೂ ಇವೇ ಮೂರು ಬಂದಿರುತ್ತವೆ.

249 ಗ್ರಾಂನ ಕತೆ ಹೀಗೆ. 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ. ನ್ಯಾನೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಇಷ್ಟು ನಿಜ. ಕಂಪನಿಗಳು ತೂಕವನ್ನು 249ಕ್ಕೆ ತಂದು ನಿಲ್ಲಿಸುವುದು ಈ ಗೆರೆಯ ಕೆಳಗೆ ನುಸುಳಲಿಕ್ಕೇ. ಆದರೆ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಭಾಗ ಮಾಡಿದ ನಕ್ಷೆ ತೂಕ ಕೇಳುವುದಿಲ್ಲ. ಹಸಿರಿನಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಪೂರ್ವಾನುಮತಿ ಬೇಡ. ಹಳದಿಗೆ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ್ದು. ನೊಣದಷ್ಟು ಡ್ರೋನ್ ತಂದರೂ ಅಷ್ಟೇ. ಜಾತ್ರೆಯ ದಿನಗಳಲ್ಲಂತೂ ಪೊಲೀಸರೇ ಒಂದು ಪ್ರದೇಶವನ್ನು ಒಮ್ಮೆಗೆ 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ಹಾಗಾಗಿ ಹೋದ ವಾರ ಹಸಿರಿದ್ದ ಗುಡಿ ಇವತ್ತು ಹಸಿರೇ ಇರುತ್ತದೆಂದು ಅಂದುಕೊಳ್ಳುವ ಹಾಗಿಲ್ಲ.

ನಮ್ಮ ಡ್ರೋನ್ ಹುಡುಗ ಬುದ್ಧಿವಂತ. ಆಷಾಢಿ, ಕಾರ್ತಿಕಿಯ ಗದ್ದಲ ಬಿಟ್ಟು ಒಂದು ಸಾಧಾರಣ ತಿಂಗಳ ಏಕಾದಶಿ ಆರಿಸಿದ್ದ. ನಕ್ಷೆಯಲ್ಲಿ ಹಸಿರು ನೋಡಿಕೊಂಡಿದ್ದ. ನಾನು ಕೇಳದೆ ಬಿಟ್ಟ ಪ್ರಶ್ನೆ ಬೇರೆ: ಈ ಡ್ರೋನಿಗೆ ನೋಂದಣಿ ಸಂಖ್ಯೆ ಎಲ್ಲಿ? ಅದು ಇರಲಿಲ್ಲ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನಿನ ಆಮದಿಗೇ ನಿಷೇಧವಿದೆ. ರಕ್ಷಣೆ, ಸಂಶೋಧನೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ನಮ್ಮದು ಯಾರದೋ ಭಾವಮೈದುನನ ಸೂಟ್‌ಕೇಸಿನಲ್ಲಿ ದುಬೈಯಿಂದ ಬಂದಿತ್ತು. ಆಫೀಸಿನಲ್ಲಿ ಲೈಸೆನ್ಸ್ ಇಲ್ಲದ ಒಂದು ಸಾಫ್ಟ್‌ವೇರ್ ಯಾರಾದರೂ ಹಾಕಿಕೊಂಡರೆ ನಾನು ಮೇಲ್ ಮೇಲೆ ಮೇಲ್ ಹಾಕುವವನು. ಇಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ದೇವರ ಕೆಲಸ ಅಂದಮೇಲೆ ಕಾಗದ ಕೇಳಬಾರದು ಎಂಬ ಒಂದು ವಿಚಿತ್ರ ಧಾರಾಳತನ ನಮ್ಮಲ್ಲಿ ಇದೆ.

ಆದರೂ ಒಂದು ಮಾತು ಸ್ಪಷ್ಟವಾಗಲಿ. ಕಾಗದಗಳೆಲ್ಲ ಸರಿಯಿದ್ದಿದ್ದರೂ ಆ ಒಂಬತ್ತು ಸೆಕೆಂಡು ಸರಿಯಾಗುತ್ತಿರಲಿಲ್ಲ. ಆಕಾಶದ ಅನುಮತಿ ವಿಮಾನಯಾನದವರದು. ಕಟ್ಟಡದ ಅನುಮತಿ ಅದನ್ನು ನೋಡಿಕೊಳ್ಳುವವರದು. ಹಂಪಿ, ಬೇಲೂರು, ಪಟ್ಟದಕಲ್ಲಿನಂಥ ಕಡೆ ಪುರಾತತ್ತ್ವ ಇಲಾಖೆ, ಬೇರೆ ಕಡೆ ದೇವಸ್ಥಾನದ ಆಡಳಿತ. ಹಸಿರು ವಲಯ ಎಂಬುದು ಇಲಾಖೆಯ ಒಪ್ಪಿಗೆ ಅಲ್ಲ, ಇಲಾಖೆಯ ಒಪ್ಪಿಗೆ ಆಕಾಶದ ಒಪ್ಪಿಗೆ ಅಲ್ಲ. ಇವೆರಡನ್ನೂ ಕೇಳಲು ಒಂದೊಂದು ಕಚೇರಿಯಾದರೂ ಉಂಟು. ಕೆಳಗೆ ಜಳಕ ಮಾಡುವವರದು ಮೂರನೆಯ ಅನುಮತಿ. ಅದನ್ನು ಕೊಡಲು ಕಚೇರಿಯೇ ಇಲ್ಲ. ಕಚೇರಿ ಇಲ್ಲದ್ದನ್ನು ನಾವು ಬೇಡದ್ದು ಅಂದುಕೊಂಡೆವು.

ಎರಡನೆಯ ವಾದಕ್ಕೆ ಬರುತ್ತೇನೆ, ಸಾರ್ವಜನಿಕ ಜಾಗ. 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಒಂದು ಮಾತೆಂದರೆ, ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಮನುಷ್ಯ ತನ್ನ ಖಾಸಗಿತನವನ್ನು ಬಿಟ್ಟುಕೊಟ್ಟ ಹಾಗಲ್ಲ. ಅರ್ಜಿದಾರರಾದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದವರು. ನಾವು ಹೆಮ್ಮೆಯಿಂದ ನೆನೆಯಬೇಕಾದ ಕನ್ನಡದ ನಂಟು ಇದೂ ಒಂದು. 2019ರ ಪ್ರಯಾಗದ ಕುಂಭದಲ್ಲಿ ಸ್ನಾನ ಮಾಡುವ ಹೆಂಗಸರ ಫೋಟೋ ತೆಗೆಯಬಾರದೆಂದು ಅಲಹಾಬಾದ್ ಹೈಕೋರ್ಟು ತಡೆದಿತ್ತು. 2025ರ ಕುಂಭದಲ್ಲಿ ಅಂಥ ವಿಡಿಯೋಗಳು ಜಾಲತಾಣಗಳಲ್ಲಿ ಓಡಾಡಿ, ಉತ್ತರ ಪ್ರದೇಶದ ಪೊಲೀಸರು ಪ್ರಕರಣ ದಾಖಲಿಸಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಕೂಡ ಸಾರ್ವಜನಿಕ ಜಾಗ, ಖಾಸಗಿ ಜಾಗ ಎಂಬ ಭೇದ ಮಾಡುವುದಿಲ್ಲ. ದೇಹದ ಗುಪ್ತಭಾಗಗಳನ್ನು ಒಪ್ಪಿಗೆಯಿಲ್ಲದೆ ಚಿತ್ರಿಸಿದರೆ ಮೂರು ವರ್ಷದವರೆಗೆ ಜೈಲು. ಆದರೆ ಸೀರೆ ಉಟ್ಟೇ ಬೆನ್ನು ಉಜ್ಜಿಕೊಳ್ಳುತ್ತಿದ್ದ ಅವ್ವನ ಗೆಳತಿ ಈ ಕಲಮಿನ ಅಕ್ಷರಕ್ಕೆ ಸಿಗದೇ ಹೋಗಬಹುದು. ಗುಂಪಿನಲ್ಲಿ ಒಬ್ಬರು ಇದನ್ನೇ ಹಿಡಿದುಕೊಂಡು, "ಹಾಗಾದರೆ ಕಾನೂನುಬಾಹಿರ ಏನೂ ಇಲ್ಲವಲ್ಲ" ಅಂದರು. ಕಲಮಿನ ಬಾಗಿಲಲ್ಲಿ ನಿಂತು ಮಾತಾಡುವ ಈ ಚಾಳಿ ನನಗೆ ಅಸಹ್ಯ. ಇದೇ ಮನುಷ್ಯ ತನ್ನ ತಾಯಿ ಜಳಕ ಮಾಡುವಾಗ ಪಕ್ಕದ ಮನೆಯವನು ಮಾಳಿಗೆ ಮೇಲೆ ಬಂದು ನಿಂತರೆ ಕಲಂ ಹುಡುಕುವುದಿಲ್ಲ, ಕೋಲು ಹುಡುಕುತ್ತಾನೆ.

ಘಾಟಿಗೆ ತನ್ನದೇ ಒಂದು ಮರ್ಯಾದೆಯ ವ್ಯವಸ್ಥೆ ಇದೆ. ಹಳ್ಳಿಯ ಹೊಳೆಯಲ್ಲಿ ಬೆಳೆದವರಿಗೆ ಗೊತ್ತು. ಹೆಂಗಸರು ಒಂದು ಕಡೆ ಸೇರುತ್ತಾರೆ, ಒಬ್ಬಳು ಸೀರೆ ಅಡ್ಡ ಹಿಡಿಯುತ್ತಾಳೆ, ದಾಟುವ ಗಂಡಸು ನೆಲ ನೋಡಿಕೊಂಡು ದಾಟುತ್ತಾನೆ. ಗೋಡೆ ಇಲ್ಲದ ಕಡೆ ಕಣ್ಣು ತಗ್ಗಿಸುವುದೇ ಗೋಡೆ. ಅಡ್ಡ ಹಿಡಿದ ಸೀರೆ ಪಕ್ಕದಿಂದ ಬರುವ ನೋಟಕ್ಕೆ, ಮೇಲಿನಿಂದ ಬರುವುದಕ್ಕಲ್ಲ. ಮೇಲೆ ಯಾರೂ ಇರುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ವ್ಯವಸ್ಥೆ ಅದು. ನಾವು ಅದರ ಸೂರನ್ನು ಕಿತ್ತೆವು.

ಇನ್ನು ಮೂರನೆಯದು, ಮುಖ ಎಲ್ಲಿ ಕಾಣುತ್ತೆ. ಇದಕ್ಕೆ ಅಭಿಪ್ರಾಯ ಬೇಡ, ಲೆಕ್ಕ ಸಾಕು. ಸಾಮಾನ್ಯ ಡ್ರೋನಿನ ಮುಖ್ಯ ಕ್ಯಾಮೆರಾ 24 ಮಿಲಿಮೀಟರ್‌ಗೆ ಸಮನಾದ ಅಗಲ ಲೆನ್ಸು. ಅದು ಎಷ್ಟು ದೂರದಲ್ಲಿದೆಯೋ ಅದರ ಒಂದೂವರೆ ಪಟ್ಟು ಅಗಲದ ಜಾಗ ಹಿಡಿಯುತ್ತದೆ. 4ಕೆ ವಿಡಿಯೋದಲ್ಲಿ ಅಡ್ಡಕ್ಕೆ 3840 ಪಿಕ್ಸೆಲ್. ಜಾಗದ ಅಗಲದಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಪಿಕ್ಸೆಲ್ ಬಿತ್ತು ಎಂದು ಸಿಗುತ್ತದೆ. ಸಿಸಿಟಿವಿ ಹಾಕುವವರಿಗೆ ಇದರ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ, IEC 62676-4. ಅದರ 2014ರ ಆವೃತ್ತಿಯಲ್ಲಿ ಮೀಟರಿಗೆ 25 ಪಿಕ್ಸೆಲ್ ಇದ್ದರೆ ಅಲ್ಲೊಬ್ಬ ಮನುಷ್ಯ ಇದ್ದಾನೆಂದು ತಿಳಿಯುತ್ತದೆ. 62.5 ದಾಟಿದರೆ ಉಡುಪು, ಹಾವಭಾವ ತಿಳಿಯುತ್ತದೆ. 125ಕ್ಕೆ ಪರಿಚಯದವರು ಗುರುತು ಹಿಡಿಯುತ್ತಾರೆ. 250ಕ್ಕೆ ಅಪರಿಚಿತರೂ ಇಂಥವರೇ ಎಂದು ಹೇಳಬಲ್ಲರು.

ನಮ್ಮ ದೃಶ್ಯದ ಹಾರಾಟದ ದಾಖಲೆ ತೆಗೆದು ನೋಡಿದೆ. ನದಿಯ ಬಾಗು ಕಾಣುವಾಗ 60 ಮೀಟರ್. ಜಾಗದ ಅಗಲ 90 ಮೀಟರ್, ಮೀಟರಿಗೆ 43 ಪಿಕ್ಸೆಲ್. ಜನ ಎಂದರೆ ಬಣ್ಣದ ಚುಕ್ಕೆ. ಅಲ್ಲಿಯವರೆಗೆ ತೊಂದರೆಯಿಲ್ಲ. ಆಮೇಲೆ ಹುಡುಗ ಇಳಿಸಿದ. ಘಾಟಿನ ಹತ್ತಿರ 12 ಮೀಟರ್. ಅಗಲ 18 ಮೀಟರ್, ಮೀಟರಿಗೆ 213 ಪಿಕ್ಸೆಲ್. ಪರಿಚಯದವರು ಗುರುತು ಹಿಡಿಯುವ ಗೆರೆಯನ್ನು ಎಷ್ಟೋ ದಾಟಿ, ಅಪರಿಚಿತರ ಗೆರೆಗೆ ಚೂರೇ ಕಡಿಮೆ. ಅವ್ವ ಕನ್ನಡಕ ಹಾಕಿಕೊಂಡು ಹತ್ತನೇ ಸಾಲಿನಿಂದ ಗುರುತು ಹಿಡಿದದ್ದು ಪವಾಡವಲ್ಲ.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಉಪಯೋಗದ ಒಂದು ಅಂಕಿ ಸಿಗುತ್ತದೆ. ಅಗಲ ಲೆನ್ಸಿನಲ್ಲಿ 4ಕೆ ತೆಗೆಯುವಾಗ ಜನರಿಂದ 41 ಮೀಟರ್ ದೂರ ಉಳಿದರೆ 62.5ರ ಗೆರೆಯ ಕೆಳಗೆ ಇರುತ್ತೀರಿ. ದೂರ ಅಂದೆ, ಎತ್ತರ ಅಲ್ಲ. ಓರೆಯಾಗಿ ನೋಡುವಾಗ ಚೌಕಟ್ಟಿನ ಮುಂಭಾಗದಲ್ಲಿ ಇರುವವರಿಗೆ ಅಳೆಯಬೇಕು. ಲೆನ್ಸು ಬದಲಾದರೆ ಈ ದೂರವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ದೊಡ್ಡ ಡ್ರೋನುಗಳಲ್ಲಿ 70 ಮಿಲಿಮೀಟರಿನ ಇನ್ನೊಂದು ಕ್ಯಾಮೆರಾ ಇರುತ್ತದೆ. ಅದಕ್ಕೆ 41ರ ಬದಲು ಸುಮಾರು 120 ಮೀಟರ್ ಬೇಕು, ಅಂದರೆ ಹಸಿರು ವಲಯದ ಮಿತಿಯೇ. 166 ಮಿಲಿಮೀಟರಿನದಕ್ಕೆ 280 ದಾಟುತ್ತದೆ. ಅಂಥ ಲೆನ್ಸನ್ನು ನೇರ ಕೆಳಗೆ ತಿರುಗಿಸಿದರೆ, ಪೂರ್ವಾನುಮತಿಯಿಲ್ಲದೆ ಏರಬಹುದಾದ ಯಾವ ಎತ್ತರದಲ್ಲೂ ಕೆಳಗಿನವರಿಗೆ ಮರೆ ಇಲ್ಲ. "ಅಷ್ಟು ಎತ್ತರ" ಎಂಬ ಮಾತನ್ನು ಇನ್ನು ಯಾರಾದರೂ ಆಡಿದರೆ, ಲೆನ್ಸು ಯಾವುದು ಸ್ವಾಮೀ ಎಂದು ಕೇಳಿ. ಜಳಕದ ಘಾಟಿನ ಮೇಲಂತೂ ಈ 41 ಕೂಡ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಹಾರಿಸಲೇಬಾರದು. ಗೆರೆಯ ಕೆಳಗಿದ್ದೇವೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಗುಂಯ್ ಎಂಬ ಸದ್ದು ಕೇಳಿದ ಹೆಂಗಸು ಸೆರಗು ಎಳೆದುಕೊಳ್ಳುತ್ತಾಳೆ, ಮುಳುಗು ಹಾಕುವುದನ್ನು ಅರ್ಧಕ್ಕೆ ಬಿಡುತ್ತಾಳೆ.

ಆ ಸದ್ದಿನ ಬಗ್ಗೆ ಒಂದು ಮಾತು. ಅವ್ವ ಜೇನು ಅಂದುಕೊಂಡದ್ದು ತಮಾಷೆಯಲ್ಲ. ನಮ್ಮ ಎತ್ತರದ ಗೋಪುರ, ಕೋಟೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅದರ ಹತ್ತಿರ ರೆಕ್ಕೆ ತಿರುಗಿಸಿದರೆ ಹುಳು ಏಳುತ್ತದೆ, ಕೆಳಗೆ ಸಾಲಿನಲ್ಲಿ ನಿಂತವರಿಗೆ ಓಡಲು ಜಾಗವಿರುವುದಿಲ್ಲ. ಕಲ್ಲಿನ ಗೋಡೆಗಳ ನಡುವೆ ಉಪಗ್ರಹದ ಸಂಕೇತ ಕಡಿಮೆಯಾಗಿ ಡ್ರೋನು ಗಾಳಿಗೆ ತೇಲುವುದುಂಟು. ಹರಿಯುವ ನೀರಿನ ಮೇಲೆ ಅದರ ಕೆಳಗಣ್ಣು ಮೋಸಹೋಗುತ್ತದೆ, ನೀರು ಸರಿದದ್ದನ್ನು ತಾನೇ ಸರಿದೆ ಎಂದು ತಿಳಿಯುತ್ತದೆ. ಸಂಪರ್ಕ ತಪ್ಪಿದರೆ ಮೊದಲೇ ಕೊಟ್ಟ ಎತ್ತರಕ್ಕೆ ಏರಿ ನೇರ ಮನೆಯತ್ತ ಹೊರಡುತ್ತದೆ. ಆ ಎತ್ತರವನ್ನು 30 ಮೀಟರ್ ಎಂದಿಟ್ಟು ಹಂಪಿಯ ವಿರೂಪಾಕ್ಷನ ಬಳಿ ಹಾರಿಸಿದರೆ ದಾರಿಯಲ್ಲಿ ಸುಮಾರು 50 ಮೀಟರಿನ ಗೋಪುರ ಇದೆ ಎಂದು ಎಲ್ಲ ಡ್ರೋನಿಗೂ ತಿಳಿಯುವುದಿಲ್ಲ. ಬಿದ್ದರೆ ಕಾಲು ಕಿಲೋ, ಏನಾಗುತ್ತೆ ಅನ್ನುತ್ತೀರಿ. ಜನಸಂದಣಿಯಲ್ಲಿ ಪೆಟ್ಟಿಗಿಂತ ಬೆಚ್ಚುವಿಕೆ ದೊಡ್ಡದು.

ಇಷ್ಟು ಹೇಳಿದ್ದಕ್ಕೆ ಗುಂಪಿನ ಹಿರಿಯರೊಬ್ಬರು ನನ್ನ ಪಕ್ಷ ವಹಿಸಿ, "ದೇವರ ಕಳಸದ ಮೇಲೆ ಹಾರುವುದೇ ಅಪಚಾರ, ಎಲ್ಲ ಕಡೆ ನಿಷೇಧಿಸಬೇಕು" ಎಂದರು. ಈ ಬೆಂಬಲ ನನಗೆ ಬೇಡ. ಪುರಿಯಲ್ಲಿ ಸೇವಕರು ದಿನವೂ ಜಗನ್ನಾಥನ ಶಿಖರ ಹತ್ತಿ ಧ್ವಜ ಬದಲಿಸುತ್ತಾರೆ. ಕುಂಭಾಭಿಷೇಕದಲ್ಲಿ ಅರ್ಚಕರು ವಿಮಾನದ ಮೇಲೇರಿ ಕಳಸಕ್ಕೆ ನೀರು ಹೊಯ್ಯುತ್ತಾರೆ. ತಮಿಳುನಾಡಿನಲ್ಲಿ ಈಚೆಗೆ ಆ ನೀರನ್ನು ಜನರ ಮೇಲೆ ಡ್ರೋನಿನಿಂದಲೇ ಸಿಂಪಡಿಸಿದ್ದೂ ಇದೆ. ಮೇಲೆ ಹೋಗುವುದೇ ಅಪಚಾರವಾಗಿದ್ದರೆ ಇವೆಲ್ಲ ನಡೆಯುತ್ತಿರಲಿಲ್ಲ. ಯಾರು, ಯಾವ ಕೆಲಸಕ್ಕೆ, ಯಾರಿಗೆ ಹೇಳಿ ಹೋದರು ಎಂಬುದಷ್ಟೇ ಪ್ರಶ್ನೆ. ಗೋಪುರದ ಗಾರೆಯ ಸಂದಿನಲ್ಲಿ ಅರಳಿಗಿಡ ಬೇರು ಬಿಟ್ಟಿದೆಯೇ ಎಂದು ನೋಡಲು ಡ್ರೋನಿಗಿಂತ ಒಳ್ಳೆಯ ಸಾಧನವಿಲ್ಲ. ಅಟ್ಟಣಿಗೆ ಕಟ್ಟುವ ಖರ್ಚು ಉಳಿಯುತ್ತದೆ, ಕಲ್ಲಿಗೆ ತೂತು ಕೊರೆಯುವುದು ತಪ್ಪುತ್ತದೆ. ಒಂದರ ಮೇಲೊಂದು ಶೇಕಡ 70-80 ಹೊಂದುವಂತೆ ಚಿತ್ರ ತೆಗೆದು ಇಡೀ ಗುಡಿಯ ಮೂರು ಆಯಾಮದ ಮಾದರಿ ಮಾಡಬಹುದು. ಆ ಕೆಲಸಕ್ಕೆ ಜನ ಬೇಕಿಲ್ಲ, ಜನ ಇಲ್ಲದ ಹೊತ್ತೇ ಬೇಕು. ಎಲ್ಲವನ್ನೂ ನಿಷೇಧಿಸಿದರೆ ನಿಲ್ಲುವುದು ಇಂಥ ಕೆಲಸ. ಸೂಟ್‌ಕೇಸಿನ ಡ್ರೋನು ನಿಲ್ಲುವುದಿಲ್ಲ. ಭಕ್ತನ ಮೊಬೈಲನ್ನು ಬಾಗಿಲಲ್ಲೇ ಕಸಿದು, ಒಳಗಿನ ಉತ್ಸವವನ್ನು ತಮ್ಮದೇ ಡ್ರೋನಿನಿಂದ ನೇರಪ್ರಸಾರ ಮಾಡುವ ಆಡಳಿತಗಳೂ ಉಂಟು. ಅವರು ಅಪಚಾರದ ಮಾತಾಡಿದರೆ ನನಗೆ ನಗು ಬರುತ್ತದೆ.

ಇನ್ನು ಚೌಕಟ್ಟಿನ ಮಾತು, ಇಲ್ಲಿ ನನಗೆ ಸ್ವಲ್ಪ ಹಟ ಇದೆ. ಪಂಢರಪುರದ ಗುಡಿಯನ್ನು ಮೇಲಿನಿಂದ ತೋರಿಸಿದರೆ ಏನು ಕಾಣುತ್ತದೆ? ಸುತ್ತ ಒತ್ತಿಕೊಂಡ ಮನೆಗಳ ಮಾಳಿಗೆ, ನೀರಿನ ಟ್ಯಾಂಕು, ತಗಡು, ಅದರ ನಡುವೆ ಒಂದು ಶಿಖರ. ಆ ಗುಡಿಯ ದೊಡ್ಡತನ ಎತ್ತರದಲ್ಲಿಲ್ಲ. ಗಲ್ಲಿಯಲ್ಲಿ ನಡೆದು, ನಾಮದೇವನ ಮೆಟ್ಟಿಲಿಗೆ ಬಂದು, ಸಾಲಿನಲ್ಲಿ ತಾಸುಗಟ್ಟಲೆ ನಿಂತು, ಕೊನೆಗೆ ವಿಠ್ಠಲನ ಪಾದಕ್ಕೆ ತಲೆ ಹಚ್ಚುವುದರಲ್ಲಿದೆ. ಮೇಲಿನಿಂದ ಹಿಡಿಯಲು ಅಲ್ಲಿ ವಾಸ್ತುವಿನ ವಿಷಯ ಕಡಿಮೆ, ಅದಕ್ಕೇ ನಮ್ಮ ಹುಡುಗ ಘಾಟಿಗೆ ಹೋದ. ಕಟ್ಟಡ ಕೊಡದ ಸೊಬಗನ್ನು ಹೆಂಗಸರ ಒದ್ದೆ ಸೀರೆಗಳಿಂದ ವಸೂಲಿ ಮಾಡಿದೆವು. ಹಂಪಿ ಹಾಗಲ್ಲ. ವಿರೂಪಾಕ್ಷನ ಗೋಪುರದಿಂದ ಪೂರ್ವಕ್ಕೆ ಮುಕ್ಕಾಲು ಕಿಲೋಮೀಟರ್ ನೇರ ಚಾಚಿದ ರಥಬೀದಿಯ ರೇಖೆ ನೆಲದಲ್ಲಿ ನಿಂತವರಿಗೆ ಪೂರ್ತಿ ತಿಳಿಯುವುದಿಲ್ಲ. ಅಲ್ಲಿ ಇಲಾಖೆಗೆ ಪತ್ರ ಬರೆದು, ಅನುಮತಿ ಬಂದಮೇಲೆ, ಸೂರ್ಯ ಹುಟ್ಟುವ ಹೊತ್ತಿಗೆ ಖಾಲಿ ಬೀದಿಯನ್ನು ಮೇಲಿನಿಂದ ತೋರಿಸಿದರೆ ವಿಜಯನಗರದವರ ಯೋಜನೆ ಕಣ್ಣಿಗೆ ಕಟ್ಟುತ್ತದೆ. ಅದೇ ಗುಡಿಯ ಒಳಗೆ ಒಂದು ಕಿಂಡಿಯ ಬೆಳಕಿನಲ್ಲಿ ರಾಜಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಯಾರ ಅನುಮತಿಯೂ ಬೇಡದ ಕ್ಯಾಮೆರಾ ಅದು, ಯಾರ ಬೆನ್ನನ್ನೂ ತೋರಿಸಿಲ್ಲ.

ಬಳಗದ ಸಭೆಯಲ್ಲಿ ಕೊನೆಗೆ ನನ್ನ ಮಾತು ನಡೆಯಿತು. ಘಾಟಿನ ದೃಶ್ಯ ಪೂರ್ತಿ 41 ಸೆಕೆಂಡು ಕತ್ತರಿಸಿದೆವು. ಅಂಕಿಯೂ 41 ಆದದ್ದು ಬರೀ ಕಾಕತಾಳೀಯ. ಮುಖಗಳನ್ನು ಮಸುಕು ಮಾಡಿದರೆ ಸಾಲದೇ ಎಂದು ಹುಡುಗ ಕೇಳಿದ. ತಾನಾಗಿಯೇ ಮುಖ ಹುಡುಕಿ ಮಸುಕು ಮಾಡುವ ಸಾಧನಗಳು ಎದುರಿನಿಂದ ಕಂಡ ಮುಖಕ್ಕೆ ಒಗ್ಗಿದವು, ಮೇಲಿನಿಂದ ಕಂಡ ತಲೆಗಳನ್ನು ಬಿಟ್ಟುಬಿಡುತ್ತವೆ. ಮೇಲಾಗಿ ಅವ್ವ ಗೆಳತಿಯ ಗುರುತು ಹಿಡಿದದ್ದು ಮುಖದಿಂದಲ್ಲ, ಸೀರೆಯಿಂದ, ಎಡಗೈಯಿಂದ ಬೆನ್ನು ಉಜ್ಜುವ ರೀತಿಯಿಂದ. ಅದನ್ನು ಯಾವ ಮಸುಕು ಮುಚ್ಚುತ್ತದೆ?

ಯೂಟ್ಯೂಬಿನಿಂದ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದೆವು. ಆಮೇಲೆ ನೆನಪಾಯಿತು, ಕತ್ತರಿಸುವ ಮುಂಚಿನ ಮೂಲ ತುಣುಕುಗಳು. 60 ಜಿಬಿಯಷ್ಟು, ಡ್ರೈವಿನಲ್ಲಿ, ಕೊಂಡಿ ಇದ್ದ ಯಾರು ಬೇಕಾದರೂ ತೆರೆಯಬಹುದಾದ ಹಾಗೆ. ಹಾಗೆ ಇಟ್ಟವನು ನಾನೇ, ಸಂಕಲನದ ಹುಡುಗರಿಗೆ ಅನುಕೂಲವಾಗಲಿ ಎಂದು. ಅದನ್ನು ಅಳಿಸಿದೆ. ಡ್ರೋನ್ ಹುಡುಗನ ಕಾರ್ಡಿನಲ್ಲಿ ಒಂದು ಪ್ರತಿ, ಸಂಕಲನಕಾರನ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು. ಎರಡನ್ನೂ ನನ್ನೆದುರೇ ಅಳಿಸಿದರು. ದೀಪಾವಳಿಯ ರಾತ್ರಿ ಘಾಟಿನ ತುಣುಕನ್ನಷ್ಟೇ ಕತ್ತರಿಸಿ "ಎಂಥ ದೃಶ್ಯ!" ಎಂದು ವಾಟ್ಸಾಪಿನಲ್ಲಿ ಹಂಚಿದವರು ಎಷ್ಟು ಜನ, ಅದು ಎಷ್ಟು ಗುಂಪುಗಳಿಗೆ ಹೋಗಿದೆ ಎಂಬುದರ ಲೆಕ್ಕ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಅವ್ವನ ಗೆಳತಿಗೆ ಈ ವಿಷಯ ಹೇಳಬೇಕೋ ಬೇಡವೋ ಎಂದು ಅವ್ವ ಫೋನಿನಲ್ಲಿ ನನ್ನನ್ನೇ ಕೇಳುತ್ತಾಳೆ. ಮುಂದಿನ ಏಕಾದಶಿಗೆ ಇಬ್ಬರೂ ಬಸ್ಸಿಗೆ ಟಿಕೀಟು ಮಾಡಿಸಿದ್ದಾರೆ.